‘ಗೌಪ್ಯವಾಗಿಡಲಾಗುವುದು’ ಅಂದರೆ ಯಾರಿಂದ ಗೌಪ್ಯ?

ಪ್ರಶ್ನೆ: ಸರ್, ನಾನು ಪೀಣ್ಯದಲ್ಲಿ ಒಂದು ಲಿಸ್ಟೆಡ್ ಕಂಪನಿಯ ಸೆಕ್ರೆಟೇರಿಯಲ್ ವಿಭಾಗದಲ್ಲಿದ್ದೀನಿ. ನಮ್ಮ ವಿಷಲ್‌ಬ್ಲೋವರ್ ಪಾಲಿಸಿ, ಅಂದ್ರೆ ಕಂಪನಿಯೊಳಗಿನ ಅಕ್ರಮದ ಬಗ್ಗೆ ದೂರು ಕೊಡೋರಿಗಿರೋ ನಿಯಮ, 14 ಪುಟ, ಪೂರ್ತಿ ಇಂಗ್ಲಿಷ್. ಸ್ಟೋರ್ಸ್, ಗೇಟು, ಶಾಪ್‌ಫ್ಲೋರ್‌ನಲ್ಲಿರೋ ಹೊಸಬರಿಗೆ ಅರ್ಥ ಆಗೋ ಹಾಗೆ ಬರೀರಿ ಅಂದಿದ್ದಾರೆ. ಒಬ್ಬರ ಹತ್ರ ಕನ್ನಡಕ್ಕೆ ಅನುವಾದ ಮಾಡಿಸಿದೆ. ಓದಿದವರೆಲ್ಲ ತಲೆ ಆಡಿಸ್ತಾರೆ, ಏನು ಅರ್ಥ ಆಯ್ತು ಅಂದ್ರೆ ಸುಮ್ಮನಾಗ್ತಾರೆ. ಎಲ್ಲಿಂದ ಶುರು ಮಾಡಲಿ? ಸರಳ ಮಾಡೋಕೆ ಹೋಗಿ ಕಾನೂನು ತಪ್ಪಿಬಿಟ್ರೆ ಅನ್ನೋ ಭಯವೂ ಇದೆ.

ಉತ್ತರ:

ಗೌಪ್ಯತೆಯ ಪ್ಯಾರಾದಿಂದ ಶುರು ಮಾಡಿ. ಉದ್ದೇಶ, ವ್ಯಾಪ್ತಿ, ವ್ಯಾಖ್ಯೆ ಅಂತ ಇರುವ ಮೊದಲ ಮೂರು ಪುಟ ಸದ್ಯಕ್ಕೆ ಮುಟ್ಟಬೇಡಿ. ಸ್ಟೋರ್ಸ್‌ನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗ ಈ ಪಾಲಿಸಿಯನ್ನು ತೆರೆದು ನೋಡುವುದೇ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು: ನಾನೇ ಹೇಳಿದ್ದು ಅಂತ ಯಾರ್‍ಯಾರಿಗೆ ಗೊತ್ತಾಗುತ್ತೆ? ಅದು ಸಿಗಲಿಲ್ಲ ಅಂದರೆ ಉಳಿದ 13 ಪುಟವನ್ನು ಅವನು ಓದುವುದಿಲ್ಲ.

ನಿಮ್ಮ ಅನುವಾದದಲ್ಲಿ ಆ ಪ್ಯಾರಾ ಹೆಚ್ಚು ಕಡಿಮೆ ಹೀಗಿರುತ್ತದೆ, ನಾನು ನೋಡಿದ್ದೆಲ್ಲ ಹೀಗೇ ಇತ್ತು:

“ದೂರುದಾರರ ಗುರುತನ್ನು ಅನ್ವಯವಾಗುವ ಕಾನೂನಿಗೆ ಒಳಪಟ್ಟು, ಸಾಧ್ಯವಾದಷ್ಟು ಮಟ್ಟಿಗೆ, ತಿಳಿಯುವ ಅಗತ್ಯದ ಆಧಾರದ ಮೇಲೆ ಗೌಪ್ಯವಾಗಿಡಲಾಗುವುದು.”

ಇದನ್ನು ಓದಿದವನ ಕಿವಿಗೆ ಬೀಳುವುದು ಕೊನೆಯ ಪದ ಒಂದೇ. ‘ಗೌಪ್ಯ’ ಅಂದರೆ ಯಾರಿಗೂ ಗೊತ್ತಾಗಲ್ಲ ಅಂತ ಅವನು ಅಂದುಕೊಳ್ಳುತ್ತಾನೆ. ಆದರೆ ವಾಕ್ಯ ಬರೆದವರು ಕೊನೆಯ ಪದದಲ್ಲಿ ಕೊಟ್ಟದ್ದನ್ನು ಮೊದಲ ಮೂರು ತುಂಡುಗಳಲ್ಲಿ ಆಗಲೇ ವಾಪಸ್ ತೆಗೆದುಕೊಂಡಿದ್ದಾರೆ. ‘ಕಾನೂನಿಗೆ ಒಳಪಟ್ಟು’ ಅಂದರೆ ಪೊಲೀಸರು ಕೇಳಿದರೆ ಕೊಡುತ್ತೇವೆ. ‘ತಿಳಿಯುವ ಅಗತ್ಯ’ ಅಂದರೆ ಕೆಲವರಿಗೆ ಹೇಳಿಯೇ ಹೇಳುತ್ತೇವೆ. ‘ಸಾಧ್ಯವಾದಷ್ಟು’ ಅಂದರೆ ಒಮ್ಮೊಮ್ಮೆ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಬರೆದ ವಕೀಲರಿಗೆ ಇದೆಲ್ಲ ಗೊತ್ತು. ಓದುವ ಹುಡುಗನಿಗೆ ಮಾತ್ರ ಗೊತ್ತಿಲ್ಲ. ‘ಇಡಲಾಗುವುದು’ ಅನ್ನುವ ಕ್ರಿಯಾಪದದಲ್ಲಿ ಮನುಷ್ಯರೇ ಇಲ್ಲ, ಅದನ್ನೂ ಗಮನಿಸಿ. ಯಾರು ಇಡುತ್ತಾರೆ? ಎಲ್ಲಿ? ಕೇಳಿದರೆ ನಿಮ್ಮ ಕಂಪನಿಯಲ್ಲೇ ಉತ್ತರ ಗೊತ್ತಿರುವವರು ಇಬ್ಬರು ಮೂವರು ಸಿಗಬಹುದು.

ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ, ಪಾಲಿಸಿ ಬರೆಯುವಾಗ ನಾನು ಯಾವಾಗಲೂ ಹಾಗೇ ಮಾಡುವುದು. ಸ್ಕ್ರ್ಯಾಪ್ ಲಾರಿ. ವೇಬ್ರಿಡ್ಜ್‌ನಲ್ಲಿ ತೂಗಿದಾಗ ತುಂಬಿದ ಲಾರಿ 9,860 ಕೆಜಿ, ಖಾಲಿ ಲಾರಿ 6,140. ಅಂದರೆ ಕಬ್ಬಿಣದ ಚೂರು 3,720 ಕೆಜಿ. ಗೇಟ್‌ಪಾಸ್‌ನಲ್ಲೂ ಬಿಲ್ಲಿನಲ್ಲೂ ಇರುವುದು 2,720. ಸರಿಯಾಗಿ ಒಂದು ಟನ್ ಮಾಯ. ಸ್ಟೋರ್ಸ್ ಹುಡುಗ ಎರಡೂ ಚೀಟಿ ನೋಡಿದ್ದಾನೆ. ಒಂದು ಸಲ ಆದರೆ ಬರೆಯುವಾಗಿನ ತಪ್ಪು ಅನ್ನಬಹುದು, ಅವನು ನೋಡಿದ್ದು ನಾಲ್ಕನೇ ಸಲ.

ಈಗ ಅವನು ಹೆಸರೇ ಬರೆಯದೆ ಒಂದು ಚೀಟಿ ಹಾಕುತ್ತಾನೆ ಅಂದುಕೊಳ್ಳಿ. ‘12ನೇ ತಾರೀಕು ರಾತ್ರಿ ಪಾಳಿಯಲ್ಲಿ ತೂಕದ ಚೀಟಿಗೂ ಗೇಟ್‌ಪಾಸಿಗೂ ಒಂದು ಟನ್ ವ್ಯತ್ಯಾಸ ಇತ್ತು.’ ಆ ರಾತ್ರಿ ಎರಡೂ ಚೀಟಿ ಒಟ್ಟಿಗೆ ಕೈಗೆ ಬರುವುದು ಮೂವರಿಗೆ: ತೂಕ ಹಾಕುವವನು, ಗೇಟಿನ ಸೆಕ್ಯೂರಿಟಿ, ಸ್ಟೋರ್ಸ್ ಹುಡುಗ. ಮೊದಲ ಇಬ್ಬರೂ ಕಳ್ಳತನದಲ್ಲಿ ಪಾಲುದಾರರಾಗಿದ್ದರೆ ಉಳಿದವನು ಯಾರು ಅಂತ ಕಂಡುಹಿಡಿಯಲು ಇನ್ವೆಸ್ಟಿಗೇಟರ್ ಬೇಕಾ? ಕಂಪನಿ ಅವನ ಹೆಸರನ್ನು ಯಾರಿಗೂ ಹೇಳಿಲ್ಲ, ಪಾಲಿಸಿಯ ಮಾತನ್ನು ಅಕ್ಷರಶಃ ಪಾಲಿಸಿದೆ. ಆದರೂ ಮಾರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತು.

ಯಾವ ಪಾಲಿಸಿಯಲ್ಲೂ ಇದನ್ನು ಬರೆದಿರುವುದಿಲ್ಲ, ಕೆಳಗಿನವರಿಗೆ ಜಾಸ್ತಿ ಬೇಕಾಗುವುದು ಮಾತ್ರ ಇದೇ. ಮೇಲಿನ ಹುದ್ದೆಯ ಒಂದು ಸಂಗತಿ ಇಪ್ಪತ್ತು ಜನರ ಮೇಜಿನ ಮೇಲೆ ಹಾದುಹೋಗುತ್ತದೆ, ಯಾರು ಹೇಳಿದ್ದು ಅಂತ ಊಹಿಸುವುದು ಕಷ್ಟ. ಕೆಳಗಿನ ಕೆಲಸದಲ್ಲಿ ಒಂದು ಸಂಗತಿ ಇಬ್ಬರಿಗೋ ಮೂವರಿಗೋ ಮಾತ್ರ ಗೊತ್ತಿರುತ್ತದೆ. ಹೆಸರು ಬರೆಯದಿದ್ದರೂ ಬರೆದ ವಿಷಯವೇ ಬರೆದವನನ್ನು ತೋರಿಸಿಕೊಡುತ್ತದೆ. ಆದ್ದರಿಂದ ಈ ಮಾತು ಹಾಳೆಯಲ್ಲಿ ಇರಲೇಬೇಕು: “ಹೆಸರು ಬರೆಯದಿದ್ದರೂ, ಆ ವಿಷಯ ನಿಮಗೆ ಮಾತ್ರ ಗೊತ್ತಿದ್ದರೆ ಜನ ಊಹಿಸಬಹುದು. ಹಾಗನ್ನಿಸಿದರೆ ಬರೆಯುವ ಮೊದಲು ನಮಗೆ ಫೋನ್ ಮಾಡಿ. ನಿಮ್ಮನ್ನು ತೋರಿಸಿಕೊಡದೆ ಹೇಗೆ ಪರಿಶೀಲಿಸಬಹುದು ಅಂತ ಮೊದಲು ಮಾತಾಡೋಣ.” ಫೋನ್ ಮಾಡಿದರೆ ದಾರಿ ನಿಜವಾಗಿಯೂ ಇದೆ. ಮೇಲಿನ ಪ್ರಸಂಗದಲ್ಲಿ ಆ ಒಂದು ರಾತ್ರಿಯನ್ನು ಮುಟ್ಟುವುದೇ ಬೇಡ. ಇಂಟರ್ನಲ್ ಆಡಿಟ್‌ನವರು ಮೂರು ತಿಂಗಳ ಎಲ್ಲ ತೂಕದ ದಾಖಲೆಯನ್ನೂ ಗೇಟ್‌ಪಾಸ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಾಲ್ಕು ಲಾರಿಯೂ ತಾನಾಗೇ ಸಿಗುತ್ತದೆ. ಹುಡುಗನ ಚೀಟಿ ಫೈಲಿಗೆ ಬರುವುದೇ ಇಲ್ಲ.

ಇನ್ನೊಂದು ಕಡೆಯಿಂದಲೂ ಹೆಸರು ಹೊರಬರುತ್ತದೆ. ತನಿಖೆ ಮುಗಿದು, ಸೂಪರ್‌ವೈಸರ್ ಮೇಲೆ ಚಾರ್ಜ್‌ಶೀಟ್ ಕೊಟ್ಟು ವಿಚಾರಣೆ ಶುರುವಾದರೆ, ತನ್ನ ಮೇಲೆ ಏನು ಸಾಕ್ಷಿ ಇದೆ ಅಂತ ನೋಡುವ ಹಕ್ಕು ಅವನಿಗಿದೆ. ಸಾಕ್ಷಿ ಹೇಳುವವರಿಗೆ ಪಾಟಿ ಸವಾಲು ಹಾಕುವ ಹಕ್ಕೂ ಇದೆ. ಹುಡುಗನ ಮಾತು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ ಅಂದರೆ ಅವನು ಎದುರು ಬಂದು ಕೂರಬೇಕಾಗುತ್ತದೆ. ಕಾಗದವೇ ಮಾತಾಡುತ್ತದೆ ಅಂದರೆ ಬೇಕಾಗುವುದಿಲ್ಲ. ‘ಯಾವ ಕಾರಣಕ್ಕೂ ನಿಮ್ಮ ಹೆಸರು ಹೊರಬರುವುದಿಲ್ಲ’ ಅಂತ ಮೊದಲು ಬರೆದು, ಆರು ತಿಂಗಳ ಮೇಲೆ ‘ಸಾಕ್ಷಿ ಹೇಳೋಕೆ ಬಾಪ್ಪಾ’ ಅಂದರೆ ಆ ಹುಡುಗ ಏನು ಮಾಡಬೇಕು? ನಾನು ಸಲಹೆಗಾರನಾಗಿದ್ದ ಒಂದು ಕಾರ್ಖಾನೆಯಲ್ಲಿ ಹೀಗೇ ಆಯಿತು. ಕಾಗದ ಬರೆದವನು ವಿಚಾರಣೆಗೆ ಬರಲೇ ಇಲ್ಲ, ಕೆಲಸ ಬಿಟ್ಟು ಊರಿಗೆ ಹೋದ. ಪಾಲಿಸಿಯ ಆ ವಾಕ್ಯವನ್ನು ತಿದ್ದಿ ಕೊಟ್ಟಿದ್ದು ನಾನೇ. ಓದಲು ಎಷ್ಟು ಚೆನ್ನಾಗಿತ್ತು ಅಂದರೆ ನನಗೇ ಅನುಮಾನ ಬರಬೇಕಿತ್ತು.

ಇಷ್ಟು ತಲೆಯಲ್ಲಿಟ್ಟುಕೊಂಡು ಪ್ಯಾರಾ ಮತ್ತೆ ಬರೆದರೆ ಹೀಗೆ ಬರುತ್ತದೆ. ಹುದ್ದೆಗಳನ್ನು ನಿಮ್ಮ ಕಂಪನಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

“ನೀವು ಹೆಸರು ಹೇಳಿದರೆ ಅದು ಮೂವರಿಗೆ ಗೊತ್ತಿರುತ್ತದೆ: ದೂರು ತೆಗೆದುಕೊಳ್ಳುವ ಕಂಪನಿ ಸೆಕ್ರೆಟರಿ, ತನಿಖೆ ಮಾಡುವ ಒಬ್ಬರು, ಆಡಿಟ್ ಕಮಿಟಿಯ ಅಧ್ಯಕ್ಷರು. ನಿಮ್ಮ ಸೂಪರ್‌ವೈಸರ್‌ಗೆ, ಮ್ಯಾನೇಜರ್‌ಗೆ, ನೀವು ಯಾರ ಮೇಲೆ ಹೇಳಿದ್ದೀರೋ ಅವರಿಗೆ ನಾವು ಹೇಳುವುದಿಲ್ಲ. ಮೂವರಲ್ಲದೆ ಬೇರೆಯವರಿಗೆ ಹೇಳಲೇಬೇಕಾದ ಸಂದರ್ಭ ಎರಡು. ಒಂದು, ಪೊಲೀಸ್, ಕೋರ್ಟ್ ಅಥವಾ ಸೆಬಿಯಂಥ ಸರ್ಕಾರಿ ಸಂಸ್ಥೆ ಕಾನೂನಿನ ಪ್ರಕಾರ ಕೇಳಿದಾಗ. ಎರಡು, ನಿಮ್ಮ ಮಾತು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲದೆ ವಿಚಾರಣೆ ನಡೆಸಬೇಕಾದಾಗ. ಈ ಎರಡನೆಯದಕ್ಕೆ ಮೊದಲು ನಿಮ್ಮನ್ನು ಕೇಳುತ್ತೇವೆ. ಬೇಡ ಅಂದರೆ ನಿಮ್ಮ ಹೆಸರು ಬಳಸುವುದಿಲ್ಲ, ಆದರೆ ಆಗ ಕೇಸು ಅಲ್ಲಿಗೇ ನಿಲ್ಲಬಹುದು.”

ಕೊನೆಯ ವಾಕ್ಯಕ್ಕೆ ನಿಮ್ಮ ಲೀಗಲ್‌ನವರು ಕೊಂಕು ತೆಗೆಯುತ್ತಾರೆ, ಕೈ ಕಟ್ಟಿ ಹಾಕಿದ ಹಾಗಾಗುತ್ತೆ ಅಂತ. ಅವರ ಮಾತೂ ಸುಳ್ಳಲ್ಲ. ಕಂಪನಿ ಅಷ್ಟು ಮಾತು ಕೊಡಲು ತಯಾರಿಲ್ಲ ಅಂದರೆ ‘ಮೊದಲು ನಿಮಗೆ ತಿಳಿಸುತ್ತೇವೆ’ ಅಂತ ಮಾತ್ರ ಬರೆಯಿರಿ. ಕೇಳುತ್ತೇವೆ ಅನ್ನುವುದೂ ತಿಳಿಸುತ್ತೇವೆ ಅನ್ನುವುದೂ ಒಂದೇ ಅಲ್ಲ. ಯಾವುದನ್ನು ಮಾಡುತ್ತೀರೋ ಅದನ್ನೇ ಬರೆಯಿರಿ.

ಇನ್ನು ಹೆಸರಿಲ್ಲದ ದೂರು. ಅನುವಾದಕರು ‘ಗೌಪ್ಯ’ ಮತ್ತು ‘ಅನಾಮಧೇಯ’ ಎರಡನ್ನೂ ಪಕ್ಕಪಕ್ಕ ಹಾಕಿಬಿಡುತ್ತಾರೆ, ಓದುವವರಿಗೆ ಎರಡೂ ಒಂದೇ. ‘ಮೂಗರ್ಜಿ’ ಅಂದರೆ ಯಾರಿಗಾದರೂ ಥಟ್ಟನೆ ಗೊತ್ತಾಗುತ್ತದೆ, ಆದರೆ ಆ ಪದಕ್ಕೆ ಕೆಟ್ಟ ವಾಸನೆ ಅಂಟಿಕೊಂಡಿದೆ, ಆಗದವರ ಮೇಲೆ ಬರೆದು ಹಾಕುವ ಕಾಗದ ಅನ್ನುವ ಅರ್ಥ ಬಂದುಬಿಟ್ಟಿದೆ. ಹಾಗಾಗಿ ನಾನು ‘ಹೆಸರು ಹೇಳಿ, ನಾವು ಗುಟ್ಟಾಗಿಡುತ್ತೇವೆ’ ಮತ್ತು ‘ಹೆಸರೇ ಹೇಳದೆ ಕೊಡಿ’ ಅಂತ ಎರಡು ಸಾಲು ಬೇರೆ ಬೇರೆ ಬರೆಯುತ್ತೇನೆ. ಎರಡನೆಯದರ ಕೆಳಗೆ ಅದರ ಬೆಲೆಯನ್ನೂ ಹೇಳಬೇಕು: ಹೆಸರಿಲ್ಲದಿದ್ದರೆ ಮತ್ತೆ ಪ್ರಶ್ನೆ ಕೇಳಲು ನಮಗೆ ಆಗುವುದಿಲ್ಲ, ಏನಾಯಿತು ಅಂತ ನಿಮಗೆ ತಿಳಿಸಲೂ ಆಗುವುದಿಲ್ಲ, ಆದ್ದರಿಂದ ತಾರೀಕು, ಜಾಗ, ಚೀಟಿ ನಂಬರ್ ಇದ್ದರೆ ಬರೆಯಿರಿ. ನಿಮ್ಮ ಕಂಪನಿ ಹೆಸರಿಲ್ಲದ ದೂರು ತೆಗೆದುಕೊಳ್ಳುತ್ತದೋ ಇಲ್ಲವೋ ಅನ್ನುವುದನ್ನು ಮೊದಲು ನೀವು ಕೇಳಿಕೊಳ್ಳಿ. ಪಾಲಿಸಿಯಲ್ಲಿ ‘ಸಾಮಾನ್ಯವಾಗಿ ಪರಿಗಣಿಸಲಾಗುವುದಿಲ್ಲ’ ಅಂತ ಇದ್ದು, ಗೋಡೆಯ ಪೋಸ್ಟರಿನಲ್ಲಿ ‘ಹೆಸರು ಬೇಡ’ ಅಂತ ಇರುವುದನ್ನು ನಾನು ನೋಡಿದ್ದೇನೆ.

ಇಲ್ಲಿ ಒಂದು ಗೊಂದಲ ಹೊರಗಿನಿಂದ ಬರುತ್ತದೆ. ಬೆಂಗಳೂರಿನಲ್ಲಿ ಬಹಳ ಮನೆಗಳಲ್ಲಿ ಅಪ್ಪನೋ ಚಿಕ್ಕಪ್ಪನೋ ಕೇಂದ್ರ ಸರ್ಕಾರದ ಉದ್ದಿಮೆಯಲ್ಲಿದ್ದವರು. ಅವರಿಗೆ ಗೊತ್ತಿರುವ ದಾರಿ ಬೇರೆ. ಕೇಂದ್ರ ಸರ್ಕಾರ 2004ರಲ್ಲಿ ಒಂದು ನಿರ್ಣಯ ತಂದು ಇಂಥ ದೂರನ್ನು ಕೇಂದ್ರ ಜಾಗೃತ ಆಯೋಗಕ್ಕೆ ಕಳಿಸುವ ವ್ಯವಸ್ಥೆ ಮಾಡಿತು. ಅಲ್ಲಿ ಹೆಸರು ವಿಳಾಸವನ್ನು ಲಕೋಟೆಯ ಮೇಲೆ ಬರೆಯಬಾರದು, ಒಳಗಿನ ಪತ್ರದಲ್ಲಿ ಬರೆಯಲೇಬೇಕು, ಹೆಸರಿಲ್ಲದ ದೂರನ್ನು ತೆಗೆದುಕೊಳ್ಳುವುದಿಲ್ಲ. ಅದು ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ. ಹಾಗೆಯೇ 2014ರ ವಿಷಲ್‌ಬ್ಲೋವರ್ ರಕ್ಷಣೆ ಕಾಯ್ದೆ ಅಂತ ಒಂದಿದೆ, ಅದರ ಹೆಸರು ನೋಡಿ ಬಹಳ ಜನ ಮೋಸ ಹೋಗುತ್ತಾರೆ. ಅದು ಸರ್ಕಾರಿ ನೌಕರರ ಭ್ರಷ್ಟಾಚಾರದ ಬಗ್ಗೆ ಇರುವುದು. ಸಂಸತ್ತು ಒಪ್ಪಿದರೂ ಜಾರಿಗೆ ತಂದಿಲ್ಲ. ನಿಮ್ಮ ಪಾಲಿಸಿಯಲ್ಲಿ ಎಲ್ಲಾದರೂ ‘2014ರ ಕಾಯ್ದೆಯ ಪ್ರಕಾರ ನಿಮಗೆ ರಕ್ಷಣೆ ಇದೆ’ ಅಂತ ಇದ್ದರೆ ಇವತ್ತೇ ತೆಗೆಸಿ.

ಹಾಗಾದರೆ ಕಾನೂನು ನಿಮ್ಮಿಂದ ಏನು ಕೇಳುತ್ತದೆ? ನಿಮಗೆ ಭಯ ಇರುವಷ್ಟು ಇಲ್ಲ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ನಿನ 9 ಮತ್ತು 10ನೇ ಉಪ ಸೆಕ್ಷನ್ ತೆರೆದು ಒಮ್ಮೆ ಓದಿ, ಅರ್ಧ ಪುಟ ಕೂಡ ಇಲ್ಲ. ಲಿಸ್ಟೆಡ್ ಕಂಪನಿಯಲ್ಲಿ ನಿರ್ದೇಶಕರೂ ನೌಕರರೂ ನಿಜವಾದ ಆತಂಕ ಹೇಳಿಕೊಳ್ಳಲು ಒಂದು ವ್ಯವಸ್ಥೆ ಇರಬೇಕು. ಹೇಳಿದವರಿಗೆ ಕಿರುಕುಳ ಆಗದಂತೆ ಸಾಕಷ್ಟು ರಕ್ಷಣೆ ಇರಬೇಕು. ಅಗತ್ಯ ಬಿದ್ದಾಗ ಆಡಿಟ್ ಕಮಿಟಿಯ ಅಧ್ಯಕ್ಷರನ್ನು ನೇರವಾಗಿ ಮುಟ್ಟಲು ಆಗಬೇಕು. ಸೆಬಿಯ 2015ರ ಲಿಸ್ಟಿಂಗ್ ನಿಯಮದ 22ನೇ ರೆಗ್ಯುಲೇಷನ್ ಕೇಳುವುದೂ ಇದನ್ನೇ. ‘ಸಾಕಷ್ಟು ರಕ್ಷಣೆ’ ಅಂದರೆ ಏನು ಅಂತ ಕಾಯ್ದೆ ಬಿಡಿಸಿ ಹೇಳಿಲ್ಲ, ಅದನ್ನು ಕಂಪನಿಯೇ ಬರೆಯಬೇಕು. ಸರಳವಾಗಿ ಬರೆದದ್ದಕ್ಕೆ ಕಾನೂನು ತಪ್ಪಲು ಇಲ್ಲಿ ಜಾಗವೇ ಕಡಿಮೆ. ತಪ್ಪುವುದು ಇಲ್ಲದ ಮಾತು ಕೊಟ್ಟಾಗ, ಇಲ್ಲಾ ಈ ಮೂರರಲ್ಲಿ ಒಂದನ್ನು ಬಿಟ್ಟಾಗ.

ರಕ್ಷಣೆಯ ಪ್ಯಾರಾಕ್ಕೆ ಬಂದರೆ, ‘ಪ್ರತೀಕಾರ, ತಾರತಮ್ಯ, ಹಿಂಬಡ್ತಿ, ವಜಾ ಮುಂತಾದವುಗಳಿಂದ ರಕ್ಷಣೆ’ ಅಂತಿರುತ್ತದೆ. ಹೊಸಬನಿಗೆ ಹಿಂಬಡ್ತಿ ಎಲ್ಲಿಂದ ಬರಬೇಕು, ಅವನು ಇರುವುದೇ ಕೊನೆಯ ಮೆಟ್ಟಿಲಲ್ಲಿ. ಅವನ ಮೇಲೆ ಸೇಡು ತೀರಿಸುವ ರೀತಿಗಳು ಬೇರೆ, ಅವು ಕಾಗದದ ಮೇಲೆ ಕಾಣುವುದೂ ಇಲ್ಲ. ಓಟಿ ನಿಲ್ಲಿಸುತ್ತಾರೆ. ಸತತ ರಾತ್ರಿ ಪಾಳಿ ಹಾಕುತ್ತಾರೆ. ತಂಗಿ ಮದುವೆಗೆ ಕೇಳಿದ ರಜೆ ಕೊಡುವುದಿಲ್ಲ. ಪ್ರೊಬೇಷನ್ ಇನ್ನೂ ಆರು ತಿಂಗಳು ಎಳೆಯುತ್ತಾರೆ. ಕಾಂಟ್ರ್ಯಾಕ್ಟ್ ಹುಡುಗನಾದರೆ ‘ನಾಳೆಯಿಂದ ಇವನನ್ನು ಕಳಿಸಬೇಡಿ’ ಅಂತ ಕಾಂಟ್ರ್ಯಾಕ್ಟರ್‌ಗೆ ಒಂದು ಫೋನ್, ಅಷ್ಟೇ. ಈ ಮಾತುಗಳನ್ನೇ ಹಾಳೆಯಲ್ಲಿ ಬರೆಯಿರಿ. “ದೂರು ಕೊಟ್ಟ ಮೇಲೆ ನಿಮ್ಮ ಓಟಿ, ಪಾಳಿ, ರಜೆ, ಸೆಕ್ಷನ್, ಸಂಬಳ ಕಾರಣವಿಲ್ಲದೆ ಬದಲಾದರೆ ಅದನ್ನೂ ಇದೇ ನಂಬರಿಗೆ ಹೇಳಿ. ಬದಲಾವಣೆ ಯಾಕೆ ಮಾಡಿದರು ಅಂತ ನಾವು ಅವರನ್ನು ಕೇಳುತ್ತೇವೆ.” ಆದರೆ ಕೇಳುವ ಕೆಲಸ ಯಾರದು ಅಂತ ನಿಗದಿ ಮಾಡದೆ ಇದನ್ನು ಬರೆಯಬೇಡಿ. ದೂರು ಕೊಟ್ಟ ದಿನದಿಂದ ಆರು ತಿಂಗಳು ಅವನ ಹಾಜರಿ, ಓಟಿ ಪಟ್ಟಿಯನ್ನು ಸೆಕ್ರೆಟೇರಿಯಲ್‌ನವರು ತಿಂಗಳಿಗೊಮ್ಮೆ ತರಿಸಿ ನೋಡುವುದು ಒಂದು ದಾರಿ. ಅವನೊಬ್ಬನ ಪಟ್ಟಿ ಮಾತ್ರ ಕೇಳಿದರೆ ಅಲ್ಲೇ ಗುಟ್ಟು ರಟ್ಟಾಗುತ್ತದೆ, ಇಡೀ ವಿಭಾಗದ್ದು ತರಿಸಿ.

ಕಾಂಟ್ರ್ಯಾಕ್ಟ್ ಕಾರ್ಮಿಕರ ವಿಷಯ ಬೇರೆಯೇ ಕೇಳಿಕೊಳ್ಳಿ. 177ನೇ ಸೆಕ್ಷನ್ನು ಹೇಳುವುದು ನಿರ್ದೇಶಕರು ಮತ್ತು ನೌಕರರು ಅಂತ. ಕಾಂಟ್ರ್ಯಾಕ್ಟರ್ ಪಟ್ಟಿಯಲ್ಲಿರುವ ಹುಡುಗ ಇದರೊಳಗೆ ಬರುತ್ತಾನೋ ಇಲ್ಲವೋ ಅನ್ನುವುದು ನಿಮ್ಮ ಪಾಲಿಸಿಯ ವ್ಯಾಖ್ಯೆಯಲ್ಲಿ ಹೇಗೆ ಬರೆದಿದೆಯೋ ಅದರ ಮೇಲೆ ನಿಂತಿದೆ. ಬರುತ್ತಾನೆ ಅಂದರೆ ‘ಕಾಂಟ್ರ್ಯಾಕ್ಟ್‌ನವರೂ ಹೇಳಬಹುದು’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ. ಬರುವುದಿಲ್ಲ ಅಂದರೆ ಸೇರಿಸಿ ಅಂತ ಬೋರ್ಡಿಗೆ ಒಂದು ನೋಟ್ ಹಾಕಿ, ಯಾಕೆಂದರೆ ಗೇಟಿನಲ್ಲೂ ವೇಬ್ರಿಡ್ಜ್‌ನಲ್ಲೂ ಕೂರುವವರು ಬಹಳ ಕಡೆ ಅವರೇ.

ಎಲ್ಲಿ ಹೇಳಬೇಕು ಅನ್ನುವ ಭಾಗದಲ್ಲಿ ಬರೆಯುವ ಕೆಲಸಕ್ಕಿಂತ ನಡೆದು ನೋಡುವ ಕೆಲಸ ಜಾಸ್ತಿ. ಪಾಲಿಸಿಯಲ್ಲಿ ಇಮೇಲ್, ಫೋನ್, ಪೆಟ್ಟಿಗೆ, ಆಡಿಟ್ ಕಮಿಟಿ ಅಧ್ಯಕ್ಷರ ವಿಳಾಸ ಅಂತ ನಾಲ್ಕು ಇರುತ್ತವೆ. ಒಂದೊಂದನ್ನೂ ನೀವೇ ಬಳಸಿ ನೋಡಿ. ಆ ಇಮೇಲ್‌ಗೆ ಒಂದು ಪರೀಕ್ಷೆಯ ಮೇಲ್ ಹಾಕಿ, ಅದು ಎಷ್ಟು ಜನರ ಇನ್‌ಬಾಕ್ಸಿಗೆ ಬಿತ್ತು ಅಂತ ಐಟಿಯವರನ್ನು ಕೇಳಿ. ಒಂದು ಕಡೆ ಆ ಐಡಿ ಗ್ರೂಪ್ ಐಡಿ ಆಗಿತ್ತು, ಎರಡು ವರ್ಷದ ಹಿಂದೆ ಬೇರೆ ವಿಭಾಗಕ್ಕೆ ಹೋದ ಮ್ಯಾನೇಜರಿಗೂ ಮೇಲ್ ಹೋಗುತ್ತಿತ್ತು. ಫೋನ್ ನಂಬರಿಗೆ ರಾತ್ರಿ ಪಾಳಿಯ ಊಟದ ಹೊತ್ತಿಗೆ ಮಾಡಿ, ಕನ್ನಡದಲ್ಲಿ ಮಾತಾಡಿ, ಎತ್ತಿದವರು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರು ನೋಡಿ. ದೂರು ಪೆಟ್ಟಿಗೆ ಎಚ್‌ಆರ್ ಬಾಗಿಲ ಪಕ್ಕ, ಸಿಸಿ ಟಿವಿ ಕ್ಯಾಮೆರಾದ ಕೆಳಗೆ ಇದ್ದರೆ ಅದರಲ್ಲಿ ಕ್ಯಾಂಟೀನ್ ಸಾಂಬಾರಿನ ಚೀಟಿ ಮಾತ್ರ ಬೀಳುತ್ತದೆ. ಅಧ್ಯಕ್ಷರ ಹೆಸರಿಗೆ ರಿಜಿಸ್ಟರ್ಡ್ ಆಫೀಸ್ ವಿಳಾಸ ಕೊಟ್ಟಿದ್ದರೆ ಆ ಟಪಾಲನ್ನು ಒಡೆಯುವುದು ಯಾರು ಅಂತ ಟಪಾಲು ಸೆಕ್ಷನ್ನಿಗೆ ಹೋಗಿ ವಿಚಾರಿಸಿ.

ಆಮೇಲೆ ನಾಲ್ಕನ್ನೂ ಸಾಲಾಗಿ ಬರೆಯುವ ಬದಲು ಒಂದನ್ನು ಮುಂದೆ ತನ್ನಿ. ಕಂಪನಿ ಇಮೇಲ್ ಇಲ್ಲದವರಿಗೆ ಅದು ಫೋನೇ. ನಂಬರ್, ಯಾವ ಹೊತ್ತಿನಲ್ಲಿ ಎತ್ತುತ್ತಾರೆ, ಎತ್ತುವವರ ಹುದ್ದೆ, ಕನ್ನಡ ಬರುತ್ತದೆ ಅನ್ನುವುದು, ಮಾತು ರೆಕಾರ್ಡ್ ಆಗುತ್ತದೋ ಇಲ್ಲವೋ, ಎಷ್ಟು ದಿನದೊಳಗೆ ವಾಪಸ್ ಮಾತಾಡುತ್ತಾರೆ, ಇಷ್ಟನ್ನೂ ಅದರ ಪಕ್ಕದಲ್ಲೇ ಹೇಳಿಬಿಡಿ. ಉಳಿದ ದಾರಿಗಳು ಕೆಳಗಿರಲಿ. ಅಧ್ಯಕ್ಷರಿಗೆ ನೇರವಾಗಿ ಬರೆಯುವ ದಾರಿಗೆ ಕಾಯ್ದೆಯ ಮಾತಲ್ಲಿ ‘ಸೂಕ್ತ ಅಥವಾ ಅಸಾಧಾರಣ ಸಂದರ್ಭ’ ಅಂತಿದೆ. ಸ್ಟೋರ್ಸ್ ಹುಡುಗನಿಗೆ ತನ್ನ ಒಂದು ಟನ್ ಕಬ್ಬಿಣ ಅಸಾಧಾರಣವೋ ಅಲ್ಲವೋ ಹೇಗೆ ಗೊತ್ತಾಗಬೇಕು? ಬಿಡಿಸಿ ಹೇಳಿ: “ದೂರು ಕಂಪನಿ ಸೆಕ್ರೆಟರಿಯ ಮೇಲೆ, ಎಚ್‌ಆರ್ ಮುಖ್ಯಸ್ಥರ ಮೇಲೆ ಅಥವಾ ಎಂಡಿ ಮೇಲೆ ಇದ್ದರೆ, ಇಲ್ಲವೇ ಹೇಳಿ 30 ದಿನವಾದರೂ ಯಾರೂ ಮಾತಾಡಿಸದಿದ್ದರೆ, ನೇರವಾಗಿ ಅಧ್ಯಕ್ಷರಿಗೆ ಬರೆಯಿರಿ.” 30 ಅನ್ನುವುದು ಕಾನೂನಿನ ಅಂಕಿ ಅಲ್ಲ, ನಿಮ್ಮ ಕಂಪನಿ ಒಪ್ಪಿಕೊಳ್ಳುವ ಅಂಕಿ ಹಾಕಿ.

ಲೈಂಗಿಕ ಕಿರುಕುಳದ ದೂರು ಮಾತ್ರ ಈ ಹಾಳೆಯಲ್ಲಿ ಬೆರೆಯದಂತೆ ನೋಡಿಕೊಳ್ಳಿ. ಅದಕ್ಕೆ 2013ರ ಬೇರೆ ಕಾಯ್ದೆ ಇದೆ, ದೂರು ಹೋಗಬೇಕಾದದ್ದು ಆಂತರಿಕ ಸಮಿತಿಗೆ, ಘಟನೆ ನಡೆದ ಮೂರು ತಿಂಗಳೊಳಗೆ. ಸಮಿತಿ ಕಾರಣ ಬರೆದು ಇನ್ನೂ ಮೂರು ತಿಂಗಳು ಕೊಡಬಹುದು. ಮುಖ್ಯವಾದ ವ್ಯತ್ಯಾಸ ಏನೆಂದರೆ, ಅಲ್ಲಿ ದೂರಿನ ಒಂದು ಪ್ರತಿಯನ್ನು ಏಳು ಕೆಲಸದ ದಿನದೊಳಗೆ ಆರೋಪ ಹೊತ್ತವನಿಗೇ ಕಳಿಸಬೇಕು ಅಂತ ನಿಯಮವಿದೆ. ನಿಮ್ಮ ಹಾಳೆಯಲ್ಲಿ ‘ಯಾರ ಮೇಲೆ ಹೇಳಿದ್ದೀರೋ ಅವರಿಗೆ ನಾವು ಹೇಳುವುದಿಲ್ಲ’ ಅಂತ ಓದಿದ ಹೆಣ್ಣುಮಗಳು ಈ ನಂಬರಿಗೆ ಫೋನ್ ಮಾಡಿ, ನೀವು ಅವಳನ್ನು ಕೇಳದೆ ಅದನ್ನು ಸಮಿತಿಗೆ ದಾಟಿಸಿದರೆ, ಕೊಟ್ಟ ಮಾತು ಅಲ್ಲೇ ಮುರಿಯಿತು. ಹಾಗಾಗಿ ‘ತಪ್ಪು ಜಾಗಕ್ಕೆ ಹೇಳಿದರೂ ಪರವಾಗಿಲ್ಲ, ಎಲ್ಲಿ ಹೇಳಬೇಕು ಅಂತ ತಿಳಿಸುತ್ತೇವೆ, ನಿಮ್ಮನ್ನು ಕೇಳದೆ ಬೇರೆಯವರಿಗೆ ದಾಟಿಸುವುದಿಲ್ಲ’ ಅಂತ ಒಂದು ಸಾಲು ಸೇರಿಸಿ.

ಇನ್ನೊಂದು ಪದ, ‘ಸದ್ಭಾವನೆ’. ಇಂಗ್ಲಿಷಿನ ‘ಗುಡ್ ಫೇತ್’ ಅನ್ನುವ ಮಾತನ್ನು ಹೀಗೆ ತಂದುಬಿಟ್ಟಿದ್ದಾರೆ. ಕನ್ನಡದಲ್ಲಿ ಸದ್ಭಾವನೆ ಅಂದರೆ ಒಳ್ಳೆಯ ಮನಸ್ಸು, ಸೌಹಾರ್ದ. ಒಂದು ಕಡೆ ಒಬ್ಬ ಹೆಲ್ಪರ್ ನನ್ನನ್ನೇ ಕೇಳಿದ್ದ, ‘ಸೂಪರ್‌ವೈಸರ್ ಕಂಡ್ರೆ ನನಗಾಗಲ್ಲ ಸರ್, ಹಂಗಾದ್ರೆ ನಾನು ಹೇಳೋ ಹಂಗಿಲ್ವಾ?’ ಅಂತ. ಹೇಳಬಹುದು. ಅವನಿಗೆ ಸೂಪರ್‌ವೈಸರ್ ಇಷ್ಟ ಆಗಬೇಕಿಲ್ಲ, ತಾನು ಹೇಳುವುದು ನಿಜ ಅಂತ ನಂಬಿರಬೇಕು, ಅಷ್ಟೇ. “ನಿಜ ಅಂತ ನಂಬಿ ಹೇಳಿದರೆ ಸಾಕು. ಸಾಕ್ಷಿ ತರಬೇಕಿಲ್ಲ. ತನಿಖೆಯಲ್ಲಿ ನೀವು ಅಂದುಕೊಂಡದ್ದು ತಪ್ಪು ಅಂತ ಗೊತ್ತಾದರೂ ನಿಮ್ಮ ಮೇಲೆ ಕ್ರಮ ಇಲ್ಲ. ಸುಳ್ಳು ಅಂತ ಗೊತ್ತಿದ್ದೂ ಹೇಳಿದರೆ ಮಾತ್ರ ಕ್ರಮ.” ಜೊತೆಗೆ ‘ನೀವಾಗಿ ಸಾಕ್ಷಿ ಹುಡುಕಲು ಹೋಗಬೇಡಿ’ ಅನ್ನುವುದನ್ನೂ ಹೇಳಿ. ಮ್ಯಾನೇಜರ್ ಟೇಬಲ್ಲಿನಿಂದ ಫೈಲಿನ ಫೋಟೊ ತೆಗೆದು ಸಿಕ್ಕಿಬಿದ್ದರೆ ಅದು ಬೇರೆಯೇ ಕೇಸಾಗುತ್ತದೆ, ಈ ಪಾಲಿಸಿ ಅಲ್ಲಿ ಅವನನ್ನು ಕಾಯುವುದಿಲ್ಲ.

ಸುಳ್ಳು ದೂರಿನ ಶಿಕ್ಷೆಯನ್ನು ನಿಮ್ಮ ಪಾಲಿಸಿ ಯಾವ ಪುಟದಲ್ಲಿ ಹೇಳುತ್ತದೆ ನೋಡಿ. ಎರಡನೇ ಪುಟದಲ್ಲೇ ‘ವಜಾ ಸೇರಿದಂತೆ ಕಠಿಣ ಕ್ರಮ’ ಅಂತ ಇದ್ದರೆ ಯಾರೂ ಮೂರನೇ ಪುಟಕ್ಕೆ ಹೋಗುವುದಿಲ್ಲ. ಬೋರ್ಡಿನ ಸಭೆ ಮತ್ತು ಅಧಿಕಾರಗಳ ಬಗೆಗಿನ 2014ರ ಕಂಪನಿ ನಿಯಮಗಳ 7ನೇ ನಿಯಮ ಹೇಳುವುದು ಪದೇ ಪದೇ ಕೊಡುವ ಹುರುಳಿಲ್ಲದ ದೂರಿನ ಬಗ್ಗೆ, ಅದಕ್ಕೆ ಛೀಮಾರಿಯೂ ಸೇರಿ ತಕ್ಕ ಕ್ರಮ ತೆಗೆದುಕೊಳ್ಳಬಹುದು ಅಂತ. ಅಲ್ಲಿಂದ ‘ವಜಾ’ದವರೆಗೆ ಎಳೆದದ್ದು ಕಂಪನಿಯವರು. ತೆಗೆಸಲು ಆಗದಿದ್ದರೆ ಕೆಳಗೆ ಇಳಿಸಿ.

ಅನುವಾದಗಳ ಕೊನೆಯಲ್ಲಿ ‘ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಪ್ರತಿಯೇ ಅಂತಿಮ’ ಅಂತ ಹಾಕುವ ಅಭ್ಯಾಸವಿದೆ. ಕನ್ನಡ ಪ್ರತಿ ಮಾಡಿದ್ದೇ ಇಂಗ್ಲಿಷ್ ಬಾರದವರಿಗೆ, ಅವರಿಗೆ ಓದಲು ಬಾರದ್ದೇ ಅಂತಿಮ ಅಂದರೆ ಹೇಗೆ? ಕನ್ನಡ ಹಾಳೆಯನ್ನೂ ಆಡಿಟ್ ಕಮಿಟಿಯ ಮುಂದಿಟ್ಟು ಒಪ್ಪಿಗೆ ತೆಗೆದುಕೊಳ್ಳಿ, ಎರಡೂ ಕಂಪನಿಯ ಮಾತೇ ಆಗಲಿ. ಸರಳ ಮಾಡುವಾಗ ಅರ್ಥ ಜಾರುವ ನಿಮ್ಮ ಭಯಕ್ಕೂ ಇದೇ ಮದ್ದು. ಎಡಕ್ಕೆ ಇಂಗ್ಲಿಷ್ ವಾಕ್ಯ, ಬಲಕ್ಕೆ ನಿಮ್ಮದು, ಲೀಗಲ್‌ನವರು ಒಂದೊಂದು ಸಾಲಿಗೂ ಟಿಕ್ ಹಾಕಲಿ. ಈ ಕೆಲಸದಲ್ಲಿ ಇಂಗ್ಲಿಷ್ ಪಾಲಿಸಿಯದೇ ತೂತುಗಳು ಹೊರಬರುತ್ತವೆ, ಹೆಸರು ಗೊತ್ತಿರುವ ಮೂವರು ಯಾರು ಅನ್ನುವ ಪ್ರಶ್ನೆಗೇ ಒಂದು ವಾರ ಚರ್ಚೆ ಆದೀತು.

ಅಚ್ಚಿಗೆ ಹೋಗುವ ಮೊದಲು ಐದಾರು ಜನರ ಹತ್ತಿರ ಓದಿಸಿ. ಬೇರೆ ಬೇರೆ ಪಾಳಿಯವರು, ಒಬ್ಬರಾದರೂ ಕಾಂಟ್ರ್ಯಾಕ್ಟ್‌ನವರು, ಒಬ್ಬೊಬ್ಬರನ್ನೇ ಕೂರಿಸಿಕೊಂಡು. ‘ಅರ್ಥ ಆಯ್ತಾ’ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ, ನಿಮಗೇ ಆದ ಅನುಭವ ಅಲ್ವಾ. ಸ್ಕ್ರ್ಯಾಪ್ ಲಾರಿಯ ಕಥೆ ಹೇಳಿ, ಆಮೇಲೆ ಕೇಳಿ: ನೀವು ಆ ಹುಡುಗ ಆಗಿದ್ದರೆ ನಾಳೆ ಬೆಳಿಗ್ಗೆ ಯಾರಿಗೆ ಹೇಳ್ತೀರಿ? ನಿಮ್ಮ ಹೆಸರು ಯಾರಿಗೆ ಗೊತ್ತಾಗುತ್ತೆ? ಸೂಪರ್‌ವೈಸರ್‌ಗೆ ಗೊತ್ತಾಗೋ ಸಾಧ್ಯತೆ ಇದೆಯಾ? ಓಟಿ ನಿಲ್ಲಿಸಿಬಿಟ್ರೆ ಏನು ಮಾಡ್ತೀರಿ? ಮೂರನೇ ಪ್ರಶ್ನೆಗೆ ‘ಇಲ್ಲ, ಗೊತ್ತಾಗೋದೇ ಇಲ್ಲ’ ಅಂತ ಥಟ್ಟನೆ ಉತ್ತರ ಬಂದರೆ ನಿಮ್ಮ ಗೌಪ್ಯತೆಯ ಪ್ಯಾರಾ ಇನ್ನೂ ಸರಿಯಾಗಿಲ್ಲ, ವಾಪಸ್ ಹೋಗಿ ತಿದ್ದಿ. ‘ಅವರು ಹೇಳಲ್ಲ, ಆದ್ರೆ ಆ ರಾತ್ರಿ ನಾವು ಮೂವರೇ ಇದ್ವಲ್ಲ, ಮೊದ್ಲು ಫೋನ್ ಮಾಡಿ ಕೇಳ್ತೀನಿ’ ಅಂದರೆ ಅಚ್ಚಿಗೆ ಕೊಡಿ.